ಹೊಲಿಗೆ ಮಿಷನ್ ಮಾರಾಟಕ್ಕಿದೆ

‘ಹೊಲಿಗೆ ಮಿಷನ್ ಮಾರಾಟಕ್ಕಿದೆ. ಸೂಪರ್ ಕಂಡೀಷನ್. ಆಸಕ್ತರು ಫೋನ್ ಮಾಡಿ.’

ಮಕ್ಕಳೇ, ಇಂಥ ಜಾಹೀರಾತನ್ನು ನೀವು ಅಪ್ಪನ ಮೊಬೈಲಿನಲ್ಲೋ, ಅಂಗಡಿಯ ಗೋಡೆಯ ಮೇಲೋ ನೋಡಿಯೇ ಇರುತ್ತೀರಿ. ಇನ್ನೊಮ್ಮೆ ಓದಿ. ಮಿಷನ್ನಿನ ಬಗ್ಗೆ ಒಂದಾದರೂ ಸಂಗತಿ ಅದರಲ್ಲಿದೆಯೇ? ಅದು ಕೈಯಲ್ಲಿ ತಿರುಗಿಸುವುದೋ, ಕಾಲಲ್ಲಿ ತುಳಿಯುವುದೋ? ಹೊಲಿಯುತ್ತದೋ, ಇಲ್ಲವೋ? ಏನೂ ಗೊತ್ತಾಗುವುದಿಲ್ಲ. ‘ಸೂಪರ್’ ಎಂಬುದು ಮಿಷನ್ನಿನ ಸುದ್ದಿಯಲ್ಲ, ಮಾರುವವರ ಆಸೆ.

ಹಳೆಯ ಹೊಲಿಗೆ ಮಿಷನ್ ಹುಡುಕುವವರು ಯಾರು ಅಂತ ಯೋಚಿಸಿ. ಸಾಮಾನ್ಯವಾಗಿ ಹೊಸದು ಕೊಳ್ಳಲು ಕೈಯಲ್ಲಿ ದುಡ್ಡು ಸಾಲದವರು. ಟೈಲರಿಂಗ್ ಕಲಿತು, ಮನೆಯಲ್ಲೇ ಕೂತು ನಾಲ್ಕು ರವಿಕೆ ಹೊಲಿದುಕೊಟ್ಟು ಸಂಸಾರಕ್ಕೆ ಆಸರೆಯಾಗೋಣ ಎನ್ನುವ ಹೆಣ್ಣುಮಕ್ಕಳೇ ಅವರಲ್ಲಿ ಬಹಳ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ, ಮಿಷನ್ ಸಾಗಿಸಲು ಆಟೋದವನನ್ನೂ ಗೊತ್ತು ಮಾಡಿಕೊಂಡು ಬಂದಮೇಲೆ ಅಲ್ಲಿ ಬಾಬಿನ್ ಕೇಸೇ ಇಲ್ಲ ಅಂದರೆ? ಆ ಎರಡು ಸಾಲಿನ ಜಾಹೀರಾತು ಆಕೆಯ ಒಂದು ದಿನವನ್ನು ನುಂಗಿಹಾಕಿತು ಅಂತಲೇ ಅರ್ಥ.

ಹಾಗಾದರೆ ಸರಿಯಾದ ಜಾಹೀರಾತು ಬರೆಯುವುದು ಹೇಗೆ? ಈ ಬೇಸಿಗೆ ರಜದಲ್ಲಿ ನಾನೂ ನನ್ನ ಏಳನೇ ಕ್ಲಾಸಿನ ಮೊಮ್ಮಗಳೂ ಸೇರಿ ಒಂದನ್ನು ಬರೆದೆವು. ಮಿಷನ್ ತಿಪಟೂರಿನಲ್ಲಿ, ನಾವು ಮೈಸೂರಿನಲ್ಲಿ. ಕೈಯಲ್ಲಿದ್ದದ್ದು ಫೋಟೋಗಳು ಮಾತ್ರ. ಅದರ ಕಥೆಯನ್ನೇ ಈ ವಾರ ಹೇಳುತ್ತೇನೆ.

ಮಿಷನ್ ನಮ್ಮ ದೊಡ್ಡಮ್ಮನ ಹಿರಿಯ ಸೊಸೆಯದು. ನನಗೆ ಅತ್ತಿಗೆಯಾಗಬೇಕು. ಕರಿಯ ಬಣ್ಣದ, ಮೈಮೇಲೆ ಚಿನ್ನದ ಬಣ್ಣದ ಹೂಬಳ್ಳಿ ಬರೆದಿರುವ, ಕಾಲಲ್ಲಿ ತುಳಿಯುವ ಹಳೆಯ ಮಾದರಿ. ಅಜ್ಜಿಯಂದಿರಿಗೆ ಇಷ್ಟು ಹೇಳಿದರೆ ಸಾಕು, ಕಣ್ಣಿಗೆ ಕಟ್ಟುತ್ತದೆ. ಚೀಟಿ ದುಡ್ಡಿನಲ್ಲಿ ಕೊಂಡದ್ದು. ಊರಿನ ಅರ್ಧ ಮಕ್ಕಳ ಸ್ಕೂಲ್ ಯೂನಿಫಾರಂ ಅದರಲ್ಲೇ ಹೊಲಿದು ತಮ್ಮ ಮಕ್ಕಳ ಫೀಜು ಕಟ್ಟಿದವರು ಅವರು. ಈಗ ಮಂಡಿ ನೋವು, ತುಳಿಯಲಾಗುವುದಿಲ್ಲ. ‘ಸುಮ್ಮನೆ ಮೂಲೇಲಿ ಕೂತಿರೋದಕ್ಕಿಂತ ಯಾರಾದ್ರೂ ದುಡಿಯೋರ ಕೈಗೆ ಹೋಗ್ಲಿ ಕಣಪ್ಪಾ. ನೀನು ಬ್ಯಾಂಕಲ್ಲಿದ್ದೋನು, ಒಂದು ಜಾಹೀರಾತು ಬರ್ಕೊಡು’ ಅಂತ ಫೋನ್ ಮಾಡಿದರು.

ಬ್ಯಾಂಕಿಗೂ ಹೊಲಿಗೆ ಮಿಷನ್ನಿಗೂ ಏನು ಸಂಬಂಧ ಅಂತ ಮೊಮ್ಮಗಳು ನಕ್ಕಳು. ಒಂದು ಸಂಬಂಧ ಇದೆ. ಚಿನ್ನದ ಮೇಲೆ ಸಾಲ ಕೊಡುವಾಗ ನಮ್ಮಲ್ಲಿ ಒಡವೆ ಪರೀಕ್ಷೆ ಮಾಡುವವರೊಬ್ಬರು ಬರುತ್ತಿದ್ದರು. ಸರ ಎಷ್ಟು ಚೆಂದ ಅಂತ ಅವರು ಎಂದೂ ಬರೆಯುತ್ತಿರಲಿಲ್ಲ. ಒಟ್ಟು ತೂಕ ಇಷ್ಟು, ಕಲ್ಲಿನ ತೂಕ ಕಳೆದರೆ ಇಷ್ಟು, ಕೊಂಡಿಯ ಹತ್ತಿರ ಬೆಸುಗೆ ಹಾಕಿದೆ, ಒಂದು ಗುಂಡು ಇಲ್ಲ, ಹೀಗೆ ಬರೆಯುತ್ತಿದ್ದರು. ಕಂಡದ್ದು, ತೂಗಿದ್ದು, ಉಜ್ಜಿ ನೋಡಿದ್ದು ಅಷ್ಟೇ. ಹಳೆಯ ಮಿಷನ್ನಿಗೂ ಬೇಕಾದದ್ದು ಅದೇ ಬಗೆಯ ಟಿಪ್ಪಣಿ.

ಅತ್ತಿಗೆಯ ಮೊಮ್ಮಗ ವಾಟ್ಸಾಪಿನಲ್ಲಿ 11 ಫೋಟೋ ಕಳಿಸಿದ. ಮಿಷನ್ನಿನ ಮೇಲೆ ಕಸೂತಿ ಹೊದಿಕೆ, ಅದರ ಮೇಲೆ ಹೂದಾನಿ, ಹಿಂದೆ ಕ್ಯಾಲೆಂಡರು. ಕೆಲವಕ್ಕೆ ಫ್ಲ್ಯಾಷ್ ಹೊಡೆದು ಕರಿಯ ಬಣ್ಣದ ಮೇಲೆ ಬೆಳ್ಳಗೆ ಮಿಂಚು. ಒಂದೂ ಪ್ರಯೋಜನವಿಲ್ಲ. ಮತ್ತೆ ತೆಗೆಯಲು ಹೇಳಿದೆವು. ಹೊದಿಕೆ, ಹೂದಾನಿ ತೆಗೆ. ಕಿಟಕಿಯ ಪಕ್ಕಕ್ಕೆ ಎಳೆದುಕೋ, ಬೆಳಗಿನ ಬೆಳಕು ಬದಿಯಿಂದ ಬೀಳಲಿ. ಫ್ಲ್ಯಾಷ್ ಬೇಡ. ಧೂಳನ್ನು ಒಣಬಟ್ಟೆಯಲ್ಲಿ ಒರೆಸು, ಆದರೆ ಎಣ್ಣೆ ಸವರಬೇಡ. ಎಣ್ಣೆ ಸವರಿದರೆ ತುಕ್ಕು, ಗೀರು ಎಲ್ಲ ಕರ್ರಗೆ ಹೊಳೆದು ಮರೆಯಾಗಿಬಿಡುತ್ತವೆ. ಮದುವೆ ಹೆಣ್ಣಿನ ಫೋಟೋ ಬೇಡಪ್ಪಾ, ಡಾಕ್ಟರಿಗೆ ತೋರಿಸುವ ಫೋಟೋ ಬೇಕು ಅಂದೆ.

ಮರುದಿನ ಐದು ಫೋಟೋ ಬಂದವು. ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತಾ, ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದಳು.

ಮೊದಲನೆಯದು ಇಡೀ ಮಿಷನ್ ದೂರದಿಂದ. ಕಬ್ಬಿಣದ ಸ್ಟ್ಯಾಂಡಿನಲ್ಲಿ ಬಿರುಕಿಲ್ಲ. ಪೆಡಲ್ ಇದೆ, ಕೆಳಗಿನ ದೊಡ್ಡ ಚಕ್ರ ಇದೆ. ಆದರೆ ಆ ಚಕ್ರಕ್ಕೂ ಮೇಲಿನ ಚಕ್ರಕ್ಕೂ ಸುತ್ತಿಕೊಂಡಿರಬೇಕಾದ ಚರ್ಮದ ಬೆಲ್ಟ್ ತುಂಡಾಗಿ ನೇತಾಡುತ್ತಿದೆ. ಹಲಗೆಯ ಬಲಮೂಲೆ ಉಬ್ಬಿ, ಮೇಲಿನ ಪದರ ಎದ್ದಿದೆ. ಅಲ್ಲಿಗೆ ನೀರು ಬಿದ್ದಿರಬೇಕು. ಹೂದಾನಿ ಎಲ್ಲಿತ್ತು ಅಂತ ಹಳೆಯ ಫೋಟೋ ನೋಡಿದರೆ, ಸರಿಯಾಗಿ ಅದೇ ಮೂಲೆ! ‘ತಾತ, ಪತ್ತೇದಾರಿ ಕೆಲಸ ಇದು’ ಅಂತ ಮೊಮ್ಮಗಳಿಗೆ ಖುಷಿಯಾಯಿತು.

ಎರಡನೆಯದು ಮಿಷನ್ನಿನ ಮುಂಭಾಗ. ಚಿನ್ನದ ಹೂಬಳ್ಳಿ ಹಿಂಬದಿಯಲ್ಲಿ ಪೂರ್ತಿ ಇದೆ. ಮುಂದಿನ ಅಂಚಿನಲ್ಲಿ ಮಾತ್ರ ಅಳಿಸಿಹೋಗಿದೆ. ಹೊಲಿಯುವಾಗ ಬಟ್ಟೆ, ಕೈ ಎರಡೂ ಉಜ್ಜುವ ಜಾಗ ಅದೇ. ಅಂದರೆ ಇದು ಬಿದ್ದು, ಕೆಡವಿ ಆದ ಗಾಯವಲ್ಲ, ದುಡಿದ ಗುರುತು. ಬಣ್ಣ ಹೋಗಿದೆ ಅಂತ ಹೊಲಿಗೆಗೆ ಏನೂ ಆಗುವುದಿಲ್ಲ. ಆದರೆ ಬಹಳ ಬಳಸಿದ ಮಿಷನ್ ಎಂಬುದು ಕೊಳ್ಳುವವರಿಗೆ ಗೊತ್ತಿರಲಿ ಎಂದು ಬರೆದುಕೊಂಡೆವು.

ಮೂರನೆಯದು ಸೂಜಿ ಇಳಿಯುವ ಜಾಗ, ಹತ್ತಿರದಿಂದ. ಸೂಜಿ ಒಂದು ಲೋಹದ ತಗಡಿನ ತೂತಿನೊಳಗೆ ಇಳಿಯುತ್ತದಲ್ಲ, ಆ ತೂತಿನ ಸುತ್ತ ಸಣ್ಣ ಸಣ್ಣ ಗೀರು, ಒಂದು ಕಡೆ ಕಚ್ಚು. ಹೊಲಿಯುವಾಗ ಅವಸರದಲ್ಲಿ ಬಟ್ಟೆಯನ್ನು ಎಳೆದರೆ ಸೂಜಿ ಬಾಗಿ ತಗಡಿಗೆ ಬಡಿಯುತ್ತದೆ. ಒಂದೊಂದು ಬಡಿತಕ್ಕೂ ಒಂದೊಂದು ಗೀರು. ಅಂಚು ಒರಟಾದರೆ ದಾರ ಅಲ್ಲಿ ಸಿಕ್ಕಿ ಕಡಿಯುತ್ತದೆ. ಸಣ್ಣ ಗೀರಾದರೆ ನಯವಾದ ಎಮರಿ ಕಾಗದದಲ್ಲಿ ಉಜ್ಜಬಹುದು. ಕಚ್ಚು ಬಿದ್ದಿದ್ದರೆ ತಗಡನ್ನೇ ಬದಲಾಯಿಸುವುದು ಮೇಲು. ಎರಡು ಸ್ಕ್ರೂ ಬಿಚ್ಚಿದರೆ ಆಯಿತು, ಅಂಥ ದೊಡ್ಡ ಖರ್ಚೇನಲ್ಲ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳೂ ಇದೇ ಫೋಟೋದಲ್ಲಿ ಕಂಡವು. ಸವೆದು ಚಪ್ಪಟೆಯಾಗಿಲ್ಲ, ಚೂಪಾಗೇ ಇವೆ.

ನಾಲ್ಕನೆಯದು ಬಾಬಿನ್ ಕೂರುವ ಜಾಗ, ಮುಚ್ಚಳ ಸರಿಸಿ ತೆಗೆದದ್ದು. ಅಲ್ಲಿ ಏನೂ ಇರಲಿಲ್ಲ. ಬಾಬಿನ್ ಕೇಸ್ ಮಾಯ. ಡ್ರಾಯರಿನಲ್ಲಿ ಮೂರು ಬಾಬಿನ್ ಇವೆ, ಆದರೆ ಅವನ್ನು ಹಿಡಿದುಕೊಳ್ಳುವ ಪುಟ್ಟ ಕೇಸ್ ಎಲ್ಲೂ ಇಲ್ಲ. ‘ಖಾಲಿ ಫೋಟೋ ಯಾಕೆ ತಾತ, ಬಿಡೋಣ’ ಅಂದಳು ಮೊಮ್ಮಗಳು. ಬೇಡ ಅಂದೆ. ಇರುವುದನ್ನು ತೋರಿಸುವ ಫೋಟೋಗಿಂತ ಇಲ್ಲದ್ದನ್ನು ತೋರಿಸುವ ಫೋಟೋ ಕೊಳ್ಳುವವರಿಗೆ ಹೆಚ್ಚು ಉಪಕಾರಿ. ಸಮಾಧಾನದ ಸಂಗತಿಯೂ ಇದೆ. ನಮ್ಮ ದೇಶದ ಈ ಬಗೆಯ ಮನೆ ಮಿಷನ್ನುಗಳೆಲ್ಲ ಬಹುಮಟ್ಟಿಗೆ ಸಿಂಗರ್ ಕಂಪನಿಯ 15ನೇ ನಂಬರಿನ ಹಳೆಯ ಮಾದರಿಯನ್ನೇ ಅನುಸರಿಸಿ ಮಾಡಿದವು. ಹಾಗಾಗಿ ಬಾಬಿನ್, ಬಾಬಿನ್ ಕೇಸ್, ಸೂಜಿ ಸಾಮಾನ್ಯವಾಗಿ ಎಲ್ಲ ಊರಿನ ಮಿಷನ್ ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ.

ಐದನೆಯದು ಮಿಷನ್ನನ್ನು ಹಿಂದಕ್ಕೆ ಮಲಗಿಸಿ ತೆಗೆದ ಅಡಿಭಾಗ. ಇದನ್ನು ನೋಡಿ ಗಾಬರಿಯಾಯಿತು. ಎಲ್ಲ ಕಂದು ಬಣ್ಣ. ತುಕ್ಕೋ, ಒಣಗಿದ ಎಣ್ಣೆಯೋ? ಎರಡಕ್ಕೂ ಅಜಗಜಾಂತರ. ತುಕ್ಕು ಕಬ್ಬಿಣವನ್ನೇ ತಿನ್ನುತ್ತದೆ, ಎಣ್ಣೆ ಮೇಲೆ ಅಂಟಿಕೊಂಡಿರುತ್ತದೆ ಅಷ್ಟೇ. ತುಕ್ಕಾದರೆ ಒರಟು, ಹೊಳಪಿಲ್ಲ, ಕೆಂಪು ಪುಡಿ. ಒಣಗಿದ ಎಣ್ಣೆಯಾದರೆ ಬೆಲ್ಲದ ಪಾಕ ಆರಿದಂತೆ ಹೊಳಪು, ಅಂಟು. ಆದರೆ ಫೋಟೋದಲ್ಲಿ ಎರಡೂ ಕಂದೇ.

ಅದಕ್ಕೆ ಇನ್ನೊಂದು ಕೆಲಸ ಹೇಳಿದೆವು. ಬಿಳಿ ಬಟ್ಟೆಯ ಚೂರಿಗೆ ಎರಡು ಹನಿ ಸೀಮೆಎಣ್ಣೆ ಹಾಕಿ, ಒಂದು ಜಾಗದಲ್ಲಿ ಉಜ್ಜಿ, ಆ ಬಟ್ಟೆಯನ್ನೂ ಉಜ್ಜಿದ ಜಾಗವನ್ನೂ ಒಟ್ಟಿಗಿಟ್ಟು ಫೋಟೋ ತೆಗೆ. (ಮಕ್ಕಳೇ, ಇದನ್ನು ದೊಡ್ಡವರು ಜೊತೆಯಲ್ಲಿದ್ದಾಗ, ಒಲೆ, ದೀಪದಿಂದ ದೂರ ಮಾಡಬೇಕು. ಸೀಮೆಎಣ್ಣೆ ಸಿಗದಿದ್ದರೆ ಮಿಷನ್ ಎಣ್ಣೆಯೇ ಆದೀತು, ಸ್ವಲ್ಪ ಹೊತ್ತು ನೆನೆಯಲು ಬಿಡಬೇಕು.) ಫೋಟೋ ಬಂತು. ಬಟ್ಟೆಗೆ ಅಂಟಿದ್ದು ಜಿಗುಟಾದ ಕಂದು, ಉಜ್ಜಿದ ಜಾಗದಲ್ಲಿ ಬೆಳ್ಳನೆಯ ಲೋಹ. ಎಣ್ಣೆಯೇ! ಎರಡು ಸ್ಕ್ರೂ ತಲೆಗಳ ಮೇಲೆ ಮಾತ್ರ ನಿಜವಾದ ತುಕ್ಕು. ಅತ್ತಿಗೆಯನ್ನು ಕೇಳಿದರೆ, ಮಿಷನ್ ಎಣ್ಣೆ ಮುಗಿದಾಗ ಅಡುಗೆ ಮನೆಯ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದರಂತೆ. ತೆಂಗಿನ ಸೀಮೆಯಲ್ಲವೇ! ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದು. ಮಿಷನ್ನಿಗೆ ಹಾಕಿದರೆ ದಿನ ಕಳೆದಂತೆ ಗಟ್ಟಿಯಾಗಿ ಗೋಂದಾಗುತ್ತದೆ.

ಇಲ್ಲಿಗೆ ಫೋಟೋ ಹೇಳುವುದೆಲ್ಲ ಮುಗಿಯಿತು. ಆದರೆ ಮುಖ್ಯವಾದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ, ನೋಡಿ. ಇದು ಹೊಲಿಯುತ್ತದೆಯೇ? ಮಿಷನ್ನಿನ ಎಷ್ಟೇ ಚೆಂದದ ಫೋಟೋ ತೆಗೆದರೂ ಅದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ಮಿಷನ್ನಿನ ಫೋಟೋ ಅಲ್ಲ, ಅದು ಹೊಲಿದ ಬಟ್ಟೆಯ ಫೋಟೋ.

ಮೊದಲು ಚಕ್ರ ತಿರುಗುತ್ತದೋ ನೋಡಬೇಕಿತ್ತು. ಮೇಲಿನ ಚಕ್ರವನ್ನು ನಮ್ಮ ಕಡೆಗೇ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ದಾರ ಸಿಕ್ಕಾಗುತ್ತದೆ. ಇದನ್ನು ವಿಡಿಯೋ ಮಾಡಲು ಹೇಳಿದೆವು. ಚಕ್ರ ತಿರುಗಿತು, ಆದರೆ ಬಹಳ ಭಾರ. ಎಣ್ಣೆ ಬಿಡುವ ತೂತುಗಳಿಗೆಲ್ಲ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟು, ತಿರುಗಿಸಿ, ಹೊರಬಂದ ಕೊಳೆ ಒರೆಸಿ, ಆಮೇಲೆ ಮಿಷನ್ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಲು ಹೇಳಿದೆ. ಮರುದಿನದ ವಿಡಿಯೋದಲ್ಲಿ ಎರಡು ಬೆರಳಿನಲ್ಲೇ ತಿರುಗುತ್ತಿತ್ತು. ಎಲ್ಲೂ ತಡೆಯಲಿಲ್ಲ, ಕಟಕಟ ಸದ್ದಿಲ್ಲ.

ಇನ್ನು ಹೊಲಿಗೆ. ಬೆಲ್ಟ್ ಇಲ್ಲದಿದ್ದರೇನಂತೆ, ಚಕ್ರವನ್ನು ಕೈಯಲ್ಲಿ ತಿರುಗಿಸಿಯೇ ನಾಲ್ಕು ಇಂಚು ಹೊಲಿಯಬಹುದು. ಬಾಬಿನ್ ಕೇಸನ್ನು ಪಕ್ಕದ ಬೀದಿಯ ಟೈಲರ್ ಹತ್ತಿರ ಒಂದು ಗಂಟೆಯ ಮಟ್ಟಿಗೆ ಕೇಳಿ ತಂದರು. ನಾನು ಹೇಳಿದ್ದು ಒಂದೇ ಉಪಾಯ. ಮೇಲೆ ಕೆಂಪು ದಾರ, ಕೆಳಗೆ ಬಾಬಿನ್ನಿನಲ್ಲಿ ಬಿಳಿ ದಾರ. ಬಿಳಿ ಕಾಟನ್ ಬೇಡ, ತಿಳಿ ನೀಲಿ ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿಯಿರಿ. ಪಕ್ಕದಲ್ಲಿ ಸ್ಕೂಲಿನ ಸ್ಕೇಲ್ ಇಟ್ಟು ಬಟ್ಟೆಯ ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ.

ಎರಡು ಬಣ್ಣ ಯಾಕೆ ಗೊತ್ತೇ? ಮಿಷನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಟ್ಟೆಯ ನಡುವೆ ಅಡಗಿ ಕೂರಬೇಕು. ಆಗ ಮೇಲೆ ಬರೀ ಕೆಂಪು, ಕೆಳಗೆ ಬರೀ ಬಿಳಿ ಕಾಣುತ್ತದೆ. ಕೆಳಗಿನ ಮಗ್ಗುಲಲ್ಲಿ ಕೆಂಪು ಕುಣಿಕೆಗಳು ಇಣುಕಿದರೆ ಮೇಲಿನ ದಾರ ಸಡಿಲ. ಮೇಲಿನ ಮಗ್ಗುಲಲ್ಲಿ ಬಿಳಿ ಚುಕ್ಕೆ ಕಂಡರೆ ಮೇಲಿನ ದಾರ ವಿಪರೀತ ಬಿಗಿ. ಎರಡೂ ಒಂದೇ ಬಣ್ಣವಾದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲ ಬಟ್ಟೆ ಬಂತು. ಕೆಳಗೆಲ್ಲ ಕೆಂಪು ಕುಣಿಕೆ! ಅತ್ತಿಗೆಗೆ ಅಳುವೇ ಬಂತು. ಕೆಟ್ಟುಹೋಗಿದೆ ಅಂದುಕೊಂಡರು. ಆದರೆ ಹೀಗಾದಾಗ ಮಿಷನ್ನಿಗಿಂತ ಮೊದಲು ದಾರ ಪೋಣಿಸಿದ ರೀತಿಯನ್ನು ನೋಡಬೇಕು. ಮೇಲಿನ ದಾರ ಎರಡು ಪುಟ್ಟ ಬಿಲ್ಲೆಗಳ ನಡುವೆ ಹಾದುಬರುತ್ತದೆ. ಅವು ದಾರವನ್ನು ಹದವಾಗಿ ಹಿಡಿದುಕೊಳ್ಳುತ್ತವೆ. ಬಟ್ಟೆಯನ್ನು ಒತ್ತುವ ಪಾದವನ್ನು ಮೇಲಕ್ಕೆತ್ತಿದರೆ ಬಿಲ್ಲೆಗಳು ಸಡಿಲವಾಗುತ್ತವೆ, ದಾರ ಒಳಗೆ ಹೋಗುತ್ತದೆ. ಪಾದ ಕೆಳಗಿದ್ದಾಗ ಪೋಣಿಸಿದರೆ ದಾರ ಬಿಲ್ಲೆಯ ಹೊರಗೇ ಉಳಿದುಬಿಡುವುದುಂಟು. ಮೊಮ್ಮಗ ಹಾಗೇ ಮಾಡಿದ್ದ. ಪಾದ ಎತ್ತಿ ಮತ್ತೆ ಪೋಣಿಸಿ, ಬಿಲ್ಲೆಯ ಮುಂದಿನ ತಿರುಪನ್ನು ಬಲಕ್ಕೆ ಅರ್ಧ ಸುತ್ತು ತಿರುಗಿಸಿದ ಮೇಲೆ ಎರಡನೆಯ ಬಟ್ಟೆ ಬಂತು. ಮೇಲೆ ಕೆಂಪು, ಕೆಳಗೆ ಬಿಳಿ. ಅಚ್ಚುಕಟ್ಟು.

ಮೊಮ್ಮಗಳು ಸ್ಕೇಲ್ ನೋಡಿ ಎಣಿಸಿದಳು. ಎರಡು ಇಂಚಿಗೆ 24 ಹೊಲಿಗೆ, ಎಲ್ಲ ಒಂದೇ ಅಳತೆ. ಅಂದರೆ ಬಟ್ಟೆ ತಳ್ಳುವ ಹಲ್ಲುಗಳು ಸರಿಯಾಗಿ ಕೆಲಸ ಮಾಡುತ್ತಿವೆ. ಆದರೆ ಮುಂದೆ ಒಂದು ಕಡೆ ಎರಡು ಹೊಲಿಗೆ ತಪ್ಪಿ ಉದ್ದ ದಾರ ಕಂಡಿತು. ಹೊಲಿಗೆ ತಪ್ಪುವುದಕ್ಕೆ ಅತಿ ಸಾಮಾನ್ಯ ಕಾರಣ ಸೂಜಿ. ಬಾಗಿರುತ್ತದೆ, ಮೊಂಡಾಗಿರುತ್ತದೆ, ಇಲ್ಲವೇ ಪೂರ್ತಿ ಮೇಲಕ್ಕೆ ಕೂತಿರುವುದಿಲ್ಲ. ಹೊಸ ಸೂಜಿ ಹಾಕಿದರೂ ತಪ್ಪಿದರೆ, ಸೂಜಿಯೂ ಕೆಳಗಿನ ಶಟಲ್ಲೂ ಸರಿಯಾದ ಹೊತ್ತಿಗೆ ಸೇರುತ್ತಿಲ್ಲ ಅಂತ ಅರ್ಥ. ಅದನ್ನು ರಿಪೇರಿಯವರೇ ಸರಿಪಡಿಸಬೇಕು. ಇಲ್ಲಿ ಹೊಸ ಸೂಜಿ ಹಾಕಿ ಹನ್ನೆರಡು ಇಂಚು ಹೊಲಿದರು, ಒಂದೂ ತಪ್ಪಲಿಲ್ಲ.

ಇನ್ನು ಬೆಲೆ. ಅತ್ತಿಗೆಯ ಮನಸ್ಸಿನಲ್ಲಿ 6,000 ಇತ್ತು. ‘ನೂರು ವರ್ಷದ ಆಂಟಿಕ್ ಅಂತ ಹಾಕಿ’ ಅಂತ ಯಾರೋ ಹೇಳಿಕೊಟ್ಟಿದ್ದರು. ಇಂಥ ಮಾತು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಒಂದು ನಿಜವಾದ ಪ್ರಸಂಗ ಹೇಳುತ್ತೇನೆ, ಕೇಳಿ. 2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಒಂದು ಗಾಳಿಸುದ್ದಿ ಹಬ್ಬಿತು. ಹಳೆಯ ಸಿಂಗರ್ ಮಿಷನ್ನಿನ ಸೂಜಿಯಲ್ಲಿ ‘ಕೆಂಪು ಪಾದರಸ’ ಎಂಬ ಅಮೂಲ್ಯ ವಸ್ತು ಇದೆಯಂತೆ, ಮೊಬೈಲನ್ನು ಸೂಜಿಯ ಹತ್ತಿರ ಹಿಡಿದಾಗ ಕರೆ ಕಡಿದುಹೋದರೆ ಅದು ಇದೆ ಅಂತ ಲೆಕ್ಕವಂತೆ. ಜನ ಮೊಬೈಲ್ ಹಿಡಿದು ಮಿಷನ್ ಮುಂದೆ ಸಾಲು ನಿಂತರು. ಒಂದೊಂದಕ್ಕೆ ಎರಡು ಲಕ್ಷ ರಿಯಾಲ್‌ವರೆಗೂ ಕೇಳುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಸುದ್ದಿ ಬಂತು. ಸೂಜಿಯಲ್ಲಿ ಇದ್ದದ್ದು ಎಂದಿನಂತೆ ಉಕ್ಕು ಮಾತ್ರ.

ಅತ್ತಿಗೆಯ ಮಿಷನ್ನಿಗೆ ನೂರು ವರ್ಷ ಆಗಿಲ್ಲ. ಆಗಿದ್ದರೂ ರವಿಕೆ ಹೊಲಿಯುವವಳಿಗೆ ಅದರಿಂದ ಏನು ಬಂತು? ಅವಳು ಕೊಡುವುದು ಹೊಲಿಗೆಗೆ ದುಡ್ಡು. ಹಾಗಾಗಿ ಒಡವೆಯ ಲೆಕ್ಕವನ್ನೇ ಹಾಕಿದೆವು. ಒಟ್ಟು ತೂಕದಲ್ಲಿ ಕಲ್ಲಿನ ತೂಕ ಕಳೆಯಬೇಕು. ತಿಪಟೂರಿನ ರಿಪೇರಿ ಅಂಗಡಿಯಲ್ಲಿ ಇದೇ ತರಹದ, ಸರ್ವೀಸ್ ಮಾಡಿಟ್ಟ ಹಳೆಯ ಮಿಷನ್ 4,500ಕ್ಕೆ ಕೊಡುತ್ತಾರೆ ಅಂತ ವಿಚಾರಿಸಿ ತಿಳಿಯಿತು. ಅದೇ ಅಂಗಡಿಯಲ್ಲಿ ಬೆಲ್ಟಿಗೆ 150, ಬಾಬಿನ್ ಕೇಸಿಗೆ 120, ಸೂಜಿಯ ತಗಡಿಗೆ 180, ಪೂರ್ತಿ ಬಿಚ್ಚಿ ತೊಳೆದು ಕೊಡಲು 550 ಎಂದರು. ಒಟ್ಟು 1,000. ಕಳೆದರೆ 3,500. ಊರಿಂದ ಊರಿಗೆ ದರ ಬೇರೆ ಇರುತ್ತದೆ, ಲೆಕ್ಕದ ದಾರಿ ಮಾತ್ರ ಇದೇ. ಮುಖ್ಯವಾಗಿ, ಆ ಸಾವಿರ ಎಲ್ಲಿ ಹೋಯಿತು ಎಂಬುದನ್ನೂ ಜಾಹೀರಾತಿನಲ್ಲೇ ಬರೆದರೆ ಚೌಕಾಸಿಗೆ ಜಾಗವೇ ಉಳಿಯುವುದಿಲ್ಲ.

ಕೊನೆಗೆ ಮೊಮ್ಮಗಳು ಮೂರು ಭಾಗ ಮಾಡಿ ಬರೆದಳು. ಕಂಡದ್ದು, ಮಾಡಿ ನೋಡಿದ್ದು, ನೋಡದೇ ಇರುವುದು. ಈ ಮೂರನೆಯ ಭಾಗವನ್ನು ಯಾರೂ ಬರೆಯುವುದಿಲ್ಲ. ಆದರೆ ನಂಬಿಕೆ ಹುಟ್ಟುವುದು ಅಲ್ಲೇ. ಅವಳು ಬರೆದದ್ದು ಹೀಗಿದೆ (ಕಂಪನಿಯ ಹೆಸರು, ಫಲಕದ ನಂಬರು, ಫೋನ್ ನಂಬರು ಮೂಲದಲ್ಲಿದ್ದವು, ಇಲ್ಲಿ ಬೇಡ ಎಂದು ಬಿಟ್ಟಿದ್ದೇನೆ):

‘ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್, ಸ್ಟ್ಯಾಂಡ್ ಸಮೇತ. ತಿಪಟೂರು. ಬೆಲೆ 3,500. ಮೊದಲಿನಿಂದ ಒಬ್ಬರೇ, ಮನೆಯಲ್ಲೇ ಬಳಸಿದ್ದು. ನೇರ ಹೊಲಿಗೆ ಮಾತ್ರ.

ಕಂಡದ್ದು: ಬೆಲ್ಟ್ ತುಂಡಾಗಿದೆ (ಫೋಟೋ 1). ಹಲಗೆಯ ಬಲಮೂಲೆ ನೀರು ಬಿದ್ದು ಉಬ್ಬಿದೆ (ಫೋಟೋ 1). ಮುಂದಿನ ಅಂಚಿನ ಬಣ್ಣ ಅಳಿಸಿದೆ (ಫೋಟೋ 2). ಸೂಜಿಯ ತಗಡಿನಲ್ಲಿ ಗೀರು, ಒಂದು ಕಚ್ಚು ಇದೆ, ಬದಲಾಯಿಸುವುದು ಒಳ್ಳೆಯದು (ಫೋಟೋ 3). ಬಾಬಿನ್ ಕೇಸ್ ಇಲ್ಲ, ಮೂರು ಬಾಬಿನ್ ಕೊಡುತ್ತೇವೆ (ಫೋಟೋ 4). ಅಡಿಯಲ್ಲಿ ಒಣಗಿದ ಎಣ್ಣೆ ಇದೆ, ಎರಡು ಸ್ಕ್ರೂ ತುಕ್ಕು ಹಿಡಿದಿವೆ (ಫೋಟೋ 5). ಎಲ್ಲೂ ಬಿರುಕು, ಬೆಸುಗೆ ಕಾಣಲಿಲ್ಲ.

ಮಾಡಿ ನೋಡಿದ್ದು: ಎಣ್ಣೆ ಬಿಟ್ಟ ಮೇಲೆ ಚಕ್ರ ಹಗುರವಾಗಿ ತಿರುಗುತ್ತದೆ (ವಿಡಿಯೋ). ಬೇರೆಯವರ ಬಾಬಿನ್ ಕೇಸ್ ಹಾಕಿ, ಕೈಯಲ್ಲಿ ಚಕ್ರ ತಿರುಗಿಸಿ, ಎರಡು ಪದರ ಕಾಟನ್ ಹೊಲಿದಿದ್ದೇವೆ. ಬಟ್ಟೆಯ ಎರಡೂ ಮಗ್ಗುಲಿನ ಫೋಟೋ ಇದೆ (ಫೋಟೋ 6, 7). ಹಳೆಯ ಸೂಜಿಯಲ್ಲಿ ಹೊಲಿಗೆ ತಪ್ಪಿತು, ಹೊಸ ಸೂಜಿಯಲ್ಲಿ ತಪ್ಪಲಿಲ್ಲ.

ನೋಡದೇ ಇರುವುದು: ಬೆಲ್ಟ್ ಇಲ್ಲದ್ದರಿಂದ ಪೆಡಲ್ ತುಳಿದು ವೇಗವಾಗಿ ಹೊಲಿದು ನೋಡಿಲ್ಲ. ದಪ್ಪ ಬಟ್ಟೆ, ಜಾರುವ ಬಟ್ಟೆ ಹೊಲಿದು ನೋಡಿಲ್ಲ.

ಬೆಲ್ಟ್, ಬಾಬಿನ್ ಕೇಸ್, ತಗಡು, ಸರ್ವೀಸ್ ಸೇರಿ ಸುಮಾರು 1,000 ಖರ್ಚು ಬರಬಹುದು. ಅದನ್ನು ಕಳೆದೇ ಬೆಲೆ ಇಟ್ಟಿದ್ದೇವೆ. ನಿಮ್ಮ ಬಟ್ಟೆ ತಂದು ಹೊಲಿದು ನೋಡಬಹುದು.’

ಫೋನಿನಲ್ಲಿ ಓದಿ ಹೇಳಿದಾಗ ಅತ್ತಿಗೆ ಒಂದು ಕ್ಷಣ ಸುಮ್ಮನಾದರು. ‘ಹುಳುಕೆಲ್ಲ ನಾವೇ ಬರೆದ್ರೆ ಯಾರಪ್ಪಾ ಬರ್ತಾರೆ?’ ಅಂದರು. ಅವರ ಪ್ರಶ್ನೆಯಲ್ಲೂ ನ್ಯಾಯವಿತ್ತು. ಜನ ಕಡಿಮೆ ಬರುತ್ತಾರೆ, ನಿಜ. ಆದರೆ ಬಂದವರು ಎಲ್ಲ ತಿಳಿದೇ ಬರುತ್ತಾರೆ. ಬಾಗಿಲಲ್ಲಿ ನಿಂತು ‘ಅದಿಲ್ಲ, ಇದು ಕೆಟ್ಟಿದೆ’ ಅಂತ ಮೂತಿ ತಿರುವಿ, ಸಾವಿರಕ್ಕೆ ಕೇಳುವವರು ಬರುವುದಿಲ್ಲ. ನಾವು ಮೊದಲೇ ಹೇಳಿಬಿಟ್ಟ ದೋಷವನ್ನು ಹಿಡಿದುಕೊಂಡು ಯಾರೂ ನಮ್ಮ ಜೊತೆ ಜಗಳವಾಡಲಾಗುವುದಿಲ್ಲ ಅಂದೆ. ‘ಆಯ್ತು, ಹಾಕಿ’ ಅಂದರು.

ಮೊದಲ ವಾರ ಮೂರು ಫೋನ್ ಬಂತು. ಇಬ್ಬರು ಜಿಗ್‌ಜ್ಯಾಗ್ ಹೊಲಿಗೆ ಬೇಕಿತ್ತು ಅಂತ ಅಲ್ಲಿಗೇ ಬಿಟ್ಟರು. ಪಾಪ, ಅವರ ಬಸ್ ದುಡ್ಡು ಉಳಿಯಿತು. ಮೂರನೆಯವಳು ಅರಸೀಕೆರೆ ಕಡೆಯ ಹಳ್ಳಿಯ ಹುಡುಗಿ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಬಾಬಿನ್ ಯಾವ ಸೈಜು ಅಮ್ಮಾ?’ ಮೊಮ್ಮಗ ಸ್ಕೇಲ್ ಪಕ್ಕ ಇಟ್ಟು ಫೋಟೋ ಕಳಿಸಿದ.

ಭಾನುವಾರ ಅಣ್ಣನ ಜೊತೆ ಬಂದಳಂತೆ. ಚೀಲದಲ್ಲಿ ಹೊಸ ಬೆಲ್ಟ್, ಹೊಸ ಬಾಬಿನ್ ಕೇಸ್, ಸೂಜಿಯ ಒಂದು ಪೊಟ್ಟಣ, ಜೊತೆಗೆ ರವಿಕೆಯ ಜಾರು ಬಟ್ಟೆ, ಜೀನ್ಸ್ ಪ್ಯಾಂಟಿನ ಒಂದು ತುಂಡು. ನಾವು ನೋಡಿಲ್ಲ ಅಂತ ಬರೆದಿದ್ದನ್ನೆಲ್ಲ ಅವಳೇ ನೋಡಿಕೊಂಡಳು. ಬೆಲ್ಟ್ ಹಾಕಿ ತುಳಿದಳು. ಜಾರು ಬಟ್ಟೆ ಹೊಲಿಯಿತು. ಜೀನ್ಸ್ ಎರಡು ಪದರ ಹೊಲಿಯಿತು, ನಾಲ್ಕು ಪದರಕ್ಕೆ ಸೂಜಿ ಮುರಿಯಿತು. ‘ನಂಗೆ ರವಿಕೆ ಹೊಲಿದ್ರೆ ಸಾಕು’ ಅಂತ ನಗುತ್ತಾ 3,500 ಎಣಿಸಿ ಕೊಟ್ಟಳಂತೆ. ಒಂದು ರೂಪಾಯಿ ಕಡಿಮೆ ಕೇಳಲಿಲ್ಲ. ಆಟೋಗೆ ಏರಿಸುವ ಮೊದಲು ಅತ್ತಿಗೆ ಡ್ರಾಯರಿನಿಂದ ತಮ್ಮ ಹಳೆಯ ಕತ್ತರಿ ತೆಗೆದು ಅವಳ ಕೈಗಿಟ್ಟರು. ಅದು ಜಾಹೀರಾತಿನಲ್ಲಿ ಇರಲಿಲ್ಲ.